ಕ್ರಿಸ್ಪರ್: ಫೇಜ್‌ಗಳ ವಿರುದ್ಧ ಬ್ಯಾಕ್ಟೀರಿಯಾ ಹೂಡಿದ ಅಸ್ತ್ರ

ಬ್ಯಾಕ್ಟೀರಿಯಾಗಳನ್ನೂ ವೈರಸ್‌ಗಳು ಕಾಡುತ್ತವೆ. ಹಾಗೆ ಕಾಡುವ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರು. ಬಳಕೆಯಲ್ಲಿ ಬರೀ ಫೇಜ್. ಮಣ್ಣು, ಕೆರೆ, ಸಮುದ್ರ, ಮನುಷ್ಯನ ಕರುಳು, ಹೀಗೆ ಬ್ಯಾಕ್ಟೀರಿಯಾ ಇರುವಲ್ಲೆಲ್ಲ ಫೇಜ್ ಇದೆ. ಅದು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ಡಿಎನ್‌ಎಯನ್ನು ಒಳಕ್ಕೆ ಚುಚ್ಚುತ್ತದೆ. ಒಳಹೊಕ್ಕ ಡಿಎನ್‌ಎ ಅಲ್ಲಿನ ಯಂತ್ರಾಂಗವನ್ನೆಲ್ಲ ತನ್ನ ಕೆಲಸಕ್ಕೆ ಹಚ್ಚುತ್ತದೆ. ಎಷ್ಟೋ ಫೇಜ್‌ಗಳಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ಆ ಒಂದು ಕೋಶ ಒಡೆದು ಹತ್ತಾರು, ಕೆಲವೊಮ್ಮೆ ನೂರಾರು ಹೊಸ ಫೇಜ್‌ಗಳು ಹೊರಬೀಳುತ್ತವೆ. ಇಂಥ ಶತ್ರುವಿನ ಎದುರು ಬ್ಯಾಕ್ಟೀರಿಯಾಗಳು ಹಲವು ರಕ್ಷಣೆಗಳನ್ನು ಕಟ್ಟಿಕೊಂಡಿವೆ. ಫೇಜ್ ಅಂಟಿಕೊಳ್ಳುವ ಜಾಗವನ್ನೇ ಬದಲಾಯಿಸುವುದು ಒಂದು ಬಗೆ. ಪರಕೀಯ ಡಿಎನ್‌ಎಯನ್ನು ಕಂಡಲ್ಲಿ ತುಂಡರಿಸುವ ಕಿಣ್ವಗಳನ್ನು ಇಟ್ಟುಕೊಳ್ಳುವುದು ಇನ್ನೊಂದು. ಕ್ರಿಸ್ಪರ್ ಇವೆರಡರಿಂದಲೂ ಬೇರೆ. ಹಿಂದೆ ದಾಳಿ ಮಾಡಿದ ಫೇಜ್ ಯಾವುದು ಎಂಬುದನ್ನು ಅದು ನೆನಪಿಡುತ್ತದೆ. ಆ ನೆನಪು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲೇ ದಾಖಲಾಗುವುದರಿಂದ ಕೋಶ ಒಡೆದು ಎರಡಾದಾಗ ಮರಿಕೋಶಗಳಿಗೂ ಅದು ಸಿಗುತ್ತದೆ.

ಈ ದಾಖಲೆ ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು ಆಕಸ್ಮಿಕವಾಗಿ. 1987ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಯೋಶಿಜುಮಿ ಇಶಿನೊ ಮತ್ತು ಸಂಗಡಿಗರು ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಜೀನ್ ಓದುತ್ತಿದ್ದರು. ಅದರ ಪಕ್ಕದಲ್ಲಿ 29 ಅಕ್ಷರಗಳ ಒಂದೇ ಸಾಲು ಐದು ಸಲ ಮರುಕಳಿಸಿತ್ತು. ಎರಡು ಮರುಕಳಿಕೆಗಳ ನಡುವೆ 32 ಅಕ್ಷರಗಳ ತುಣುಕು. ಒಂದು ತುಣುಕಿನಂತೆ ಇನ್ನೊಂದಿಲ್ಲ. ಡಿಎನ್‌ಎಯ ಅಕ್ಷರಗಳೆಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳು. ಇಷ್ಟು ಶಿಸ್ತಾಗಿ ಜೋಡಿಸಿದ ಸಾಲುಗಳಿಂದ ಬ್ಯಾಕ್ಟೀರಿಯಾಕ್ಕೆ ಏನು ಪ್ರಯೋಜನ ಎಂಬುದು ಆಗ ತಿಳಿಯಲಿಲ್ಲ. ಅಂದಿನ ಸಂಶೋಧಕರು ತಿಳಿಯದ್ದನ್ನು ತಿಳಿಯದೆಂದೇ ಪ್ರಬಂಧದ ಕೊನೆಯಲ್ಲಿ ಬರೆದಿಟ್ಟರು.

ಸ್ಪೇನ್ ದೇಶದ ಅಲಿಕಾಂಟೆಯಲ್ಲಿ ಫ್ರಾನ್ಸಿಸ್ಕೊ ಮೊಹಿಕಾ ಎಂಬ ಸಂಶೋಧಕ ಉಪ್ಪಿನ ಗದ್ದೆಗಳಲ್ಲಿ ಬದುಕುವ ಒಂದು ಸೂಕ್ಷ್ಮಜೀವಿಯಲ್ಲಿ ಇಂಥದೇ ಮರುಕಳಿಕೆಗಳನ್ನು ಕಂಡರು. ಉಪ್ಪುನೀರಿನ ಆ ಜೀವಿಗೂ ಕರುಳಿನ ಇ. ಕೋಲೈಗೂ ದೂರದ ನಂಟು ಮಾತ್ರ. ಅಷ್ಟು ದೂರದ ಎರಡು ಜೀವಿಗಳಲ್ಲಿ ಒಂದೇ ರೀತಿಯ ಜೋಡಣೆ ಇದೆಯೆಂದರೆ ಅದಕ್ಕೊಂದು ಕೆಲಸ ಇರಲೇಬೇಕು ಎಂದು ಅವರಿಗನಿಸಿತು. ಮುಂದಿನ ಹತ್ತು ವರ್ಷ ಅವರು ಅದರ ಬೆನ್ನು ಹತ್ತಿದರು. ಕ್ರಿಸ್ಪರ್ ಎಂಬ ಹೆಸರು ಹುಟ್ಟಿದ್ದು ಅವರು ಮತ್ತು ನೆದರ್ಲೆಂಡ್ಸ್‌ನ ರೂಡ್ ಯಾನ್ಸನ್ ನಡೆಸಿದ ಪತ್ರವ್ಯವಹಾರದಲ್ಲಿ. ಮರುಕಳಿಕೆಗಳಿಗಿಂತ ಅವುಗಳ ನಡುವಿನ ತುಣುಕುಗಳಲ್ಲೇ ಗುಟ್ಟು ಅಡಗಿದೆ ಎಂಬುದು 2003ರಲ್ಲಿ ಗೊತ್ತಾಯಿತು. ಮೊಹಿಕಾ ಆ ತುಣುಕುಗಳನ್ನು ಒಂದೊಂದಾಗಿ ಕಂಪ್ಯೂಟರ್‌ಗೆ ಊಡಿಸಿ, ಜಗತ್ತಿನಲ್ಲಿ ಈವರೆಗೆ ಓದಿರುವ ಡಿಎನ್‌ಎಗಳಲ್ಲಿ ಇವಕ್ಕೆ ಹೊಂದುವುದು ಯಾವುದಾದರೂ ಇದೆಯೇ ಎಂದು ಹುಡುಕಿದರು. ಇ. ಕೋಲೈಯ ಒಂದು ತುಣುಕು ಪಿ-1 ಎಂಬ ಫೇಜ್‌ನ ಡಿಎನ್‌ಎಗೆ ಹೊಂದಿತು. ಪಿ-1 ಇ. ಕೋಲೈಯನ್ನೇ ಕಾಡುವ ಫೇಜ್; ಆದರೆ ಆ ತುಣುಕು ಇದ್ದ ತಳಿಗೆ ಮಾತ್ರ ಪಿ-1 ಸೋಂಕು ತಗಲುವುದಿಲ್ಲವೆಂದು ಮೊದಲೇ ಗೊತ್ತಿತ್ತು. ಸುಮಾರು 4,500 ತುಣುಕುಗಳನ್ನು ಹೀಗೆ ಹುಡುಕಿದಾಗ 88ಕ್ಕೆ ಹೊಂದಾಣಿಕೆ ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವು ಫೇಜ್‌ಗಳದ್ದೋ, ಕೋಶದಿಂದ ಕೋಶಕ್ಕೆ ದಾಟುವ ಬೇರೆ ಡಿಎನ್‌ಎಯದ್ದೋ ಆಗಿದ್ದವು. ಇದು ಬ್ಯಾಕ್ಟೀರಿಯಾದ ರೋಗನಿರೋಧಕ ವ್ಯವಸ್ಥೆ ಎಂದು ಅವರು ಬರೆದ ಪ್ರಬಂಧವನ್ನು ಹೆಸರಾಂತ ನಿಯತಕಾಲಿಕಗಳು ಒಂದರ ಹಿಂದೊಂದು ತಿರಸ್ಕರಿಸಿದವು. ಅದು ಅಚ್ಚಾದದ್ದು 2005ರಲ್ಲಿ. ಅದೇ ವರ್ಷ ಫ್ರಾನ್ಸಿನ ಎರಡು ತಂಡಗಳು ತಮ್ಮಷ್ಟಕ್ಕೆ ಇದೇ ಹೊಂದಾಣಿಕೆಯನ್ನು ಕಂಡು ಪ್ರಕಟಿಸಿದವು.

ಆದರೆ ಹೊಂದಾಣಿಕೆ ಸಿಕ್ಕಿತೆಂದ ಮಾತ್ರಕ್ಕೆ ರಕ್ಷಣೆ ಸಿದ್ಧವಾಗುವುದಿಲ್ಲ. ತುಣುಕು ಇದ್ದರೆ ಬ್ಯಾಕ್ಟೀರಿಯಾ ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ ಎಂಬುದನ್ನು ಯಾರಾದರೂ ಮಾಡಿ ತೋರಿಸಬೇಕಿತ್ತು. ಅದನ್ನು ತೋರಿಸಿದ್ದು ಮೊಸರಿನ ಉದ್ಯಮ.

ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬ ಬ್ಯಾಕ್ಟೀರಿಯಾ ಯೋಗರ್ಟ್ ಮತ್ತು ಕೆಲವು ಬಗೆಯ ಚೀಸ್‌ಗೆ ಹೆಪ್ಪು ಹಾಕಲು ಬೇಕೇ ಬೇಕು. ಹಾಲಿನ ಸಕ್ಕರೆಯನ್ನು ಅದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಹುಳಿ ಏರಿದಂತೆ ಹಾಲು ಗಟ್ಟಿಯಾಗುತ್ತದೆ. ಕಾರ್ಖಾನೆಯಲ್ಲಿ ಸಾವಿರಾರು ಲೀಟರಿನ ತೊಟ್ಟಿಗೆ ಒಂದೇ ಒಂದು ಬಗೆಯ ಫೇಜ್ ಹೊಕ್ಕರೂ ಸಾಕು, ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತದೆ, ಹುಳಿ ಏರುವುದು ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಇಡೀ ತೊಟ್ಟಿಯ ಹಾಲು ಹಾಳು. ಹಾಗಾಗಿ ಹೆಪ್ಪು ತಯಾರಿಸಿ ಮಾರುವ ಕಂಪನಿಗಳು ಫೇಜ್‌ಗೆ ಜಗ್ಗದ ತಳಿಗಳನ್ನು ಹುಡುಕುತ್ತಲೇ ಇರುತ್ತವೆ. ಹುಡುಕುವ ಬಗೆ ಸರಳ: ಬ್ಯಾಕ್ಟೀರಿಯಾದ ಮೇಲೆ ಫೇಜ್ ಬಿಡುವುದು, ಬಹುಪಾಲು ಸತ್ತ ಮೇಲೆ ಉಳಿದ ಒಂದೆರಡನ್ನು ಎತ್ತಿ ಬೆಳೆಸುವುದು. ಆ ಒಂದೆರಡು ಯಾಕೆ ಉಳಿದವು ಎಂಬುದೇ ಪ್ರಶ್ನೆ.

ಡ್ಯಾನಿಸ್ಕೊ ಕಂಪನಿಯ ರೊಡಾಲ್ಫ್ ಬರಾಂಗು, ಫಿಲಿಪ್ ಹೊರ್ವಾಥ್ ಮತ್ತು ಸಂಗಡಿಗರು ಒಂದು ತಳಿಯ ಮೇಲೆ ಎರಡು ಫೇಜ್‌ಗಳನ್ನು ಬಿಟ್ಟರು. ಎರಡೂ ಹತ್ತಿರದ ಸಂಬಂಧಿಗಳು. ಬದುಕುಳಿದ ಒಂಬತ್ತು ಬ್ಯಾಕ್ಟೀರಿಯಾ ವಂಶಗಳನ್ನು ಬೆಳೆಸಿ, ಪ್ರತಿಯೊಂದರ ಕ್ರಿಸ್ಪರ್ ಭಾಗವನ್ನು ಓದಿ ನೋಡಿದರು. ಮೂಲ ತಳಿಯಲ್ಲಿ ಇಲ್ಲದ ಹೊಸ ತುಣುಕುಗಳು ಇವುಗಳಲ್ಲಿ ಸೇರಿಕೊಂಡಿದ್ದವು, ಒಂದರಲ್ಲಿ ಒಂದು, ಇನ್ನೊಂದರಲ್ಲಿ ನಾಲ್ಕರ ತನಕ. ಪ್ರತಿ ತುಣುಕಿನಲ್ಲಿ ಸುಮಾರು 30 ಅಕ್ಷರಗಳು. ಎಲ್ಲವೂ ಸೇರಿದ್ದು ಸಾಲಿನ ಒಂದೇ ತುದಿಯಲ್ಲಿ. ಅಕ್ಷರಗಳೆಲ್ಲ ದಾಳಿ ಮಾಡಿದ ಫೇಜ್‌ನದ್ದೇ. ತುಣುಕಿನ ಅಕ್ಷರಗಳು ಎರಡೂ ಫೇಜ್‌ಗಳಲ್ಲಿ ಇದ್ದರೆ ಬ್ಯಾಕ್ಟೀರಿಯಾ ಎರಡನ್ನೂ ತಡೆದುಕೊಳ್ಳುತ್ತಿತ್ತು. ಒಂದರಲ್ಲಿ ಮಾತ್ರ ಇದ್ದರೆ ಅದೊಂದನ್ನೇ.

ಅವರು ಅಲ್ಲಿಗೆ ನಿಲ್ಲಲಿಲ್ಲ. ಹೊಸ ತುಣುಕುಗಳನ್ನು ಕಿತ್ತುಹಾಕಿದರು. ಬ್ಯಾಕ್ಟೀರಿಯಾ ಮತ್ತೆ ಫೇಜ್‌ಗೆ ಬಲಿಯಾಯಿತು. ಅವೇ ತುಣುಕುಗಳನ್ನು, ಆ ಫೇಜ್‌ನ ಸೋಂಕನ್ನೇ ಕಾಣದ ಬ್ಯಾಕ್ಟೀರಿಯಾಕ್ಕೆ ಕೈಯಾರೆ ಸೇರಿಸಿದರು. ಅದಕ್ಕೆ ರಕ್ಷಣೆ ಬಂತು. ಕ್ರಿಸ್ಪರ್ ಪಕ್ಕದಲ್ಲೇ ಇರುವ, ಕ್ಯಾಸ್ ಎಂದು ಕರೆಯುವ ಜೀನ್‌ಗಳಲ್ಲಿ ಒಂದನ್ನು ಕೆಡಿಸಿದಾಗ ತುಣುಕು ಇದ್ದರೂ ರಕ್ಷಣೆ ಇರಲಿಲ್ಲ. ಇಂದು ಕ್ಯಾಸ್-9 ಎಂದು ಹೆಸರಾದ ಪ್ರೋಟೀನ್ ಹುಟ್ಟುವುದು ಆ ಜೀನ್‌ನಿಂದಲೇ. 2007ರಲ್ಲಿ ಪ್ರಕಟವಾದ ಈ ಪ್ರಯೋಗದ ಸೊಗಸು ಅದರ ನೇರತನದಲ್ಲಿದೆ. ಸೇರಿಸಿದರೆ ಬರುತ್ತದೆ, ತೆಗೆದರೆ ಹೋಗುತ್ತದೆ ಎಂದಮೇಲೆ ಕಾರಣ ಯಾವುದು ಎಂಬ ಬಗ್ಗೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಮುಂದಿನ ನಾಲ್ಕೈದು ವರ್ಷಗಳಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಈ ವ್ಯವಸ್ಥೆಯ ಒಳಗನ್ನು ಬಿಡಿಸಿದವು. ಮೊದಲು ಕ್ಯಾಸ್-1, ಕ್ಯಾಸ್-2 ಎಂಬ ಪ್ರೋಟೀನುಗಳು ಒಳಹೊಕ್ಕ ಫೇಜ್ ಡಿಎನ್‌ಎಯಿಂದ ಒಂದು ತುಣುಕನ್ನು ಹಿಡಿದು ಕ್ರಿಸ್ಪರ್ ಸಾಲಿನ ತುದಿಗೆ ಸೇರಿಸುತ್ತವೆ. ಸೇರಿಕೆ ಯಾವಾಗಲೂ ಅದೇ ತುದಿಯಲ್ಲಾದ್ದರಿಂದ ಸಾಲನ್ನು ಓದಿದರೆ ಬ್ಯಾಕ್ಟೀರಿಯಾದ ವಂಶ ಯಾವ ಫೇಜ್‌ಗಳನ್ನು ಯಾವ ಕ್ರಮದಲ್ಲಿ ಎದುರಿಸಿತು ಎಂದು ತಕ್ಕಮಟ್ಟಿಗೆ ಹೇಳಬಹುದು. ಆಮೇಲೆ ಇಡೀ ಸಾಲು ಆರ್‌ಎನ್‌ಎಯಾಗಿ ನಕಲಾಗುತ್ತದೆ. ಉದ್ದನೆಯ ಆ ಆರ್‌ಎನ್‌ಎ ತುಂಡಾಗಿ, ಒಂದೊಂದು ತುಂಡಿನಲ್ಲಿ ಒಂದೊಂದು ಫೇಜ್‌ನ ಗುರುತು ಉಳಿಯುತ್ತದೆ. ಕೊನೆಗೆ ಆ ತುಂಡು ಕ್ಯಾಸ್ ಪ್ರೋಟೀನಿನ ಜೊತೆ ಸೇರಿ ಕೋಶದೊಳಗೆ ಕಾವಲು ಕಾಯುತ್ತದೆ. ಅದೇ ಗುರುತಿನ ಡಿಎನ್‌ಎ ಮತ್ತೆ ಒಳಬಂದರೆ ಅದಕ್ಕೆ ಅಂಟಿಕೊಂಡು ಕತ್ತರಿಸುತ್ತದೆ. ಕತ್ತರಿಸುವುದು ಡಿಎನ್‌ಎಯನ್ನೇ ಎಂಬುದನ್ನು 2010ರಲ್ಲಿ ಕೆನಡಾದ ಸಿಲ್ವಾನ್ ಮೊಯ್ನೊ ತಂಡ ಅದೇ ಮೊಸರಿನ ಬ್ಯಾಕ್ಟೀರಿಯಾದಲ್ಲಿ ಕಣ್ಣಾರೆ ಕಂಡಿತು. ಕತ್ತರಿ ಬಿದ್ದ ಜಾಗ ಪ್ರತಿ ಸಲವೂ ಒಂದೇ ಆಗಿತ್ತು.

ಇಲ್ಲೊಂದು ತೊಡಕಿದೆ. ಫೇಜ್‌ನ ತುಣುಕು ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲೇ ಇದೆ. ಹಾಗಿದ್ದರೆ ಕ್ಯಾಸ್ ಪ್ರೋಟೀನು ಆ ದಾಖಲೆಯನ್ನೇ ಕತ್ತರಿಸಿ ಬ್ಯಾಕ್ಟೀರಿಯಾವನ್ನೇ ಯಾಕೆ ಕೊಲ್ಲುವುದಿಲ್ಲ? ಉತ್ತರ ಪ್ಯಾಮ್ ಎಂಬ ಪುಟ್ಟ ಗುರುತಿನಲ್ಲಿದೆ. ಫೇಜ್‌ನ ಡಿಎನ್‌ಎಯಲ್ಲಿ ಆ ತುಣುಕಿನ ಪಕ್ಕದಲ್ಲೇ ಎರಡು ಮೂರು ನಿರ್ದಿಷ್ಟ ಅಕ್ಷರಗಳು ಇರುತ್ತವೆ. ತುಣುಕನ್ನು ಕ್ರಿಸ್ಪರ್ ಸಾಲಿಗೆ ಸೇರಿಸುವಾಗ ಈ ಅಕ್ಷರಗಳು ಹೊರಗೇ ಉಳಿಯುತ್ತವೆ; ಸಾಲಿನಲ್ಲಿ ತುಣುಕಿನ ಪಕ್ಕ ಇರುವುದು ಮರುಕಳಿಕೆ ಮಾತ್ರ. ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎಂಬ, ಗಂಟಲುನೋವು ತರುವ ಬ್ಯಾಕ್ಟೀರಿಯಾದ ಕ್ಯಾಸ್-9 ಹುಡುಕುವ ಪ್ಯಾಮ್ ಎಂದರೆ ಯಾವುದೋ ಒಂದು ಅಕ್ಷರ, ಅದರ ಬೆನ್ನಿಗೆ ಎರಡು ಜಿ. ಅಂಚೆಯವರು ಮೊದಲು ಊರಿನ ಹೆಸರು ನೋಡಿ, ಊರು ಸರಿಯಿದ್ದರೆ ಮಾತ್ರ ಮನೆಯ ವಿಳಾಸ ಓದುವ ಹಾಗೆ, ಕ್ಯಾಸ್-9 ಡಿಎನ್‌ಎ ಉದ್ದಕ್ಕೂ ಮೊದಲು ಜಿ-ಜಿ ಇದೆಯೇ ಎಂದಷ್ಟೇ ನೋಡುತ್ತದೆ. ಇಲ್ಲದಿದ್ದರೆ ಅಲ್ಲಿ ನಿಲ್ಲುವುದೇ ಇಲ್ಲ. ಇದ್ದರೆ, ಅದರ ಪಕ್ಕದಲ್ಲಿ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಿ, ತನ್ನ ಆರ್‌ಎನ್‌ಎ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತದೆ. ಪ್ಯಾಮ್‌ಗೆ ಹತ್ತಿರದ ಹತ್ತು ಹನ್ನೆರಡು ಅಕ್ಷರಗಳಲ್ಲಿ ತಪ್ಪು ಕಂಡರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ದೂರದ ತುದಿಯಲ್ಲಿ ಒಂದೆರಡು ತಪ್ಪಿದ್ದರೆ ಮಾತ್ರ ಅಷ್ಟು ಗಣಿಸುವುದಿಲ್ಲ. ಈ ಸಡಿಲಿಕೆಯ ಮಾತು ಮುಂದೆ ಮತ್ತೆ ಬರುತ್ತದೆ.

ಫೇಜ್‌ಗಳೂ ಸುಮ್ಮನಿಲ್ಲ. ಗುರುತಿನ ಜಾಗದಲ್ಲಿ ಅಥವಾ ಪ್ಯಾಮ್‌ನಲ್ಲಿ ಒಂದು ಅಕ್ಷರ ಬದಲಾದ ಫೇಜ್ ಕಾವಲನ್ನು ದಾಟಿಬಿಡುತ್ತದೆ. ಕೆಲವು ಫೇಜ್‌ಗಳು ಕ್ಯಾಸ್ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಸ್ತಬ್ಧಗೊಳಿಸುವ ಸಣ್ಣ ಪ್ರೋಟೀನುಗಳನ್ನೇ ತಯಾರಿಸುತ್ತವೆ ಎಂಬುದು 2013ರಲ್ಲಿ ಟೊರಾಂಟೊದಲ್ಲಿ ಗೊತ್ತಾಯಿತು.

ಇಷ್ಟರವರೆಗಿನದು ಬ್ಯಾಕ್ಟೀರಿಯಾದ ಸ್ವಂತ ಸಂಗತಿ. ಅದು ಮನುಷ್ಯನ ಕೈಗೆ ಉಪಕರಣವಾಗಿ ಬರಲು ಎರಡು ವಿಷಯ ತಿಳಿಯಬೇಕಿತ್ತು: ಕತ್ತರಿಸಲು ಕನಿಷ್ಠ ಏನೇನು ಬೇಕು, ಮತ್ತು ಕತ್ತರಿಸುವ ಜಾಗವನ್ನು ಬೇಕಾದ ಹಾಗೆ ಬದಲಾಯಿಸಬಹುದೇ. ಮೊದಲನೆಯದರ ಮುಖ್ಯ ಕೊಂಡಿ 2011ರಲ್ಲಿ ಸಿಕ್ಕಿತು. ಆಗ ಸ್ವೀಡನ್ನಿನ ಉಮಿಯೊದಲ್ಲಿದ್ದ ಎಮ್ಯಾನುಯೆಲ್ ಶಾರ್ಪಾಂಟಿಯೆ ತಂಡ, ಪಯೋಜೆನಿಸ್ ಬ್ಯಾಕ್ಟೀರಿಯಾದಲ್ಲಿ ಗುರುತಿನ ಆರ್‌ಎನ್‌ಎ ಜೊತೆ ಇನ್ನೊಂದು ಚಿಕ್ಕ ಆರ್‌ಎನ್‌ಎಯೂ ಬೇಕು ಎಂದು ತೋರಿಸಿತು. ಅದೇ ವರ್ಷ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಜೆನಿಫರ್ ಡೌಡ್ನಾ ಜೊತೆ ಕೈಜೋಡಿಸಿದರು. ಶುದ್ಧೀಕರಿಸಿದ ಕ್ಯಾಸ್-9, ಎರಡು ಆರ್‌ಎನ್‌ಎ ಮತ್ತು ಡಿಎನ್‌ಎಯನ್ನು ಪ್ರಯೋಗನಾಳದಲ್ಲಿ ಕಲೆಸಿದಾಗ ಡಿಎನ್‌ಎಯ ಎರಡೂ ಎಳೆಗಳು ನಿಗದಿತ ಜಾಗದಲ್ಲಿ ತುಂಡಾದವು. ಬೇರೇನೂ ಬೇಕಾಗಲಿಲ್ಲ. ಬಳಿಕ ಆ ತಂಡದ ಮಾರ್ಟಿನ್ ಯಿನೆಕ್ ಎರಡು ಆರ್‌ಎನ್‌ಎಗಳನ್ನು ಬೆಸೆದು ಒಂದನ್ನಾಗಿ ಮಾಡಿದರು. ಈ ಬೆಸುಗೆಯಿಂದ ಎಲ್ಲವೂ ಸುಲಭವಾಯಿತು. ಇನ್ನು ಯಾವ ಜಾಗವನ್ನು ಕತ್ತರಿಸಬೇಕೋ ಆ ಜಾಗದ 20 ಅಕ್ಷರಗಳನ್ನು ಆ ಒಂದು ಆರ್‌ಎನ್‌ಎಯ ತುದಿಗೆ ಬರೆದರೆ ಸಾಕು. ಪ್ರೋಟೀನನ್ನು ಮುಟ್ಟುವ ಹಾಗೇ ಇಲ್ಲ. ಅದಕ್ಕೂ ಹಿಂದಿನ ಜೀನ್ ತಿದ್ದುವ ವಿಧಾನಗಳಲ್ಲಿ ಪ್ರತಿ ಹೊಸ ಜಾಗಕ್ಕೂ ಹೊಸ ಪ್ರೋಟೀನನ್ನೇ ಕಟ್ಟಬೇಕಿತ್ತು. ಅದು ತಿಂಗಳುಗಟ್ಟಲೆಯ ಕೆಲಸ. 20 ಅಕ್ಷರಗಳ ಆರ್‌ಎನ್‌ಎಯಾದರೆ ಬರೆದು ಕಳಿಸಿದ ಕೆಲವೇ ದಿನಗಳಲ್ಲಿ ತಯಾರಾಗಿ ಬರುತ್ತದೆ.

2012ರ ಜೂನ್‌ನಲ್ಲಿ ಈ ಕೆಲಸ ಪ್ರಕಟವಾಯಿತು. ಲಿಥುವೇನಿಯಾದ ವಿರ್ಗಿನಿಯುಸ್ ಷಿಕ್ಷ್ನಿಸ್, ಮೊಸರಿನ ಬ್ಯಾಕ್ಟೀರಿಯಾದ ಕ್ಯಾಸ್-9 ಮೇಲೆ ತಾವು ನಡೆಸಿದ ಇಂಥದೇ ಪ್ರಯೋಗದ ಪ್ರಬಂಧವನ್ನು ಅದಕ್ಕೂ ಮೊದಲೇ ಕಳಿಸಿದ್ದರು. ಅದು ಒಂದು ಕಡೆ ತಿರಸ್ಕಾರಗೊಂಡು ಸೆಪ್ಟೆಂಬರ್‌ನಲ್ಲಿ ಹೊರಬಂತು. 2013ರ ಜನವರಿಯಲ್ಲಿ ಫೆಂಗ್ ಜಾಂಗ್ ಮತ್ತು ಜಾರ್ಜ್ ಚರ್ಚ್ ಅವರ ತಂಡಗಳು ಮನುಷ್ಯನ ಜೀವಕೋಶದೊಳಗೂ ಕ್ಯಾಸ್-9 ಕೆಲಸ ಮಾಡುತ್ತದೆ ಎಂದು ತೋರಿಸಿದವು. 2020ರ ರಸಾಯನ ವಿಜ್ಞಾನದ ನೊಬೆಲ್ ಶಾರ್ಪಾಂಟಿಯೆ ಮತ್ತು ಡೌಡ್ನಾ ಪಾಲಾಯಿತು. ಮೊಹಿಕಾ, ಹೊರ್ವಾಥ್, ಷಿಕ್ಷ್ನಿಸ್ ಅವರ ಹೆಸರುಗಳನ್ನು ಬಿಟ್ಟು ಈ ಕಥೆ ಹೇಳಿದರೆ ಅದು ಅರ್ಧ ಕಥೆ.

ಕ್ರಿಸ್ಪರ್ ಬಗ್ಗೆ ಬರುವ ಬರಹಗಳಲ್ಲಿ ಆಗಾಗ ತಪ್ಪಿಹೋಗುವ ಒಂದು ಅಂಶ ಇಲ್ಲಿದೆ. ಕ್ಯಾಸ್-9 ಜೀನನ್ನು ತಿದ್ದುವುದಿಲ್ಲ. ಅದು ಕತ್ತರಿಸುತ್ತದೆ, ಅಷ್ಟೇ. ಫೇಜ್‌ನ ಡಿಎನ್‌ಎ ತುಂಡಾದರೆ ಅದರ ಕಥೆ ಮುಗಿಯಿತು. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. ಮನುಷ್ಯನ ಕೋಶದಲ್ಲಿ ಹಾಗಲ್ಲ. ಡಿಎನ್‌ಎ ತುಂಡಾಗುವುದು ಕೋಶಕ್ಕೆ ಅಪಾಯದ ಸೂಚನೆ. ಕೂಡಲೇ ದುರಸ್ತಿ ಶುರುವಾಗುತ್ತದೆ. ತಿದ್ದುಪಡಿ ಎನ್ನುವುದು ಆ ದುರಸ್ತಿಯಲ್ಲಿ ಆಗುವ ಕೆಲಸ. ಕೋಶ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ತುಂಡಾದ ಎರಡು ತುದಿಗಳನ್ನು ಹಾಗೇ ಹತ್ತಿರ ತಂದು ಅಂಟಿಸುವುದು ಮೊದಲನೆಯದು. ಇದು ಬೇಗ ಆಗುತ್ತದೆ, ಆದರೆ ಅಂಟಿಸುವಾಗ ಒಂದೆರಡು ಅಕ್ಷರ ಹೆಚ್ಚಾಗಿ ಸೇರುತ್ತವೆ ಇಲ್ಲವೇ ಕೆಲವು ಕಾಣೆಯಾಗುತ್ತವೆ. ಜೀನ್ ಕೆಡುತ್ತದೆ. ಎರಡನೆಯ ದಾರಿಯಲ್ಲಿ ಕೋಶ ಒಂದು ಸರಿಯಾದ ಮಾದರಿಯನ್ನು ನೋಡಿಕೊಂಡು ಬಿಟ್ಟುಹೋದದ್ದನ್ನು ತುಂಬುತ್ತದೆ. ವಿಜ್ಞಾನಿ ತನಗೆ ಬೇಕಾದ ಮಾದರಿಯನ್ನು ಕೋಶದೊಳಗೆ ಕಳಿಸಿದ್ದರೆ ಅದನ್ನೇ ನಕಲು ಮಾಡಬಹುದು. ಈ ಎರಡನೆಯ ದಾರಿ ಬಹುಮಟ್ಟಿಗೆ ವಿಭಜನೆಗೆ ಹೊರಟ ಕೋಶಗಳಲ್ಲಿ ಮಾತ್ರ ತೆರೆದಿರುತ್ತದೆ, ಅದೂ ಎಲ್ಲ ಕೋಶಗಳಲ್ಲಿ ಅಲ್ಲ. ಆದ್ದರಿಂದ ಒಂದು ಜೀನನ್ನು ಕೆಡಿಸುವುದು ಸುಲಭ, ಸರಿಪಡಿಸುವುದು ಕಷ್ಟ.

ಈ ಮಾತನ್ನು ಸಿಕಲ್ ಸೆಲ್ ರೋಗದ ಚಿಕಿತ್ಸೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ರಕ್ತದ ಕೆಂಪುಕಣಗಳು ಆಮ್ಲಜನಕ ಬಿಟ್ಟುಕೊಟ್ಟಾಗ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವು ಕೊಡುವ ಕಾಯಿಲೆ ಇದು. ಕಾರಣ ಒಂದೇ ಅಕ್ಷರ: ಹಿಮೋಗ್ಲೋಬಿನ್ ಜೀನ್‌ನಲ್ಲಿ ಜಿ-ಎ-ಜಿ ಇರಬೇಕಾದ ಕಡೆ ಜಿ-ಟಿ-ಜಿ ಇರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಈ ತಪ್ಪು ಬಂದ ಮಗುವಿಗೆ ರೋಗ. ಕರ್ನಾಟಕದಲ್ಲಿ ಚಾಮರಾಜನಗರದ ಸೋಲಿಗರು, ಎಚ್.ಡಿ. ಕೋಟೆ ಕಡೆಯ ಜೇನು ಕುರುಬರು ಮೊದಲಾದ ಸಮುದಾಯಗಳಲ್ಲಿ ಇದಿದೆ. ದೇಶದ ಬೇರೆ ಬುಡಕಟ್ಟುಗಳಲ್ಲೂ ವ್ಯಾಪಕವಾಗಿರುವುದರಿಂದ ಕೇಂದ್ರ ಸರ್ಕಾರ 2023ರಲ್ಲಿ ಇದರ ನಿರ್ಮೂಲನೆಗೆಂದೇ ಒಂದು ರಾಷ್ಟ್ರೀಯ ಅಭಿಯಾನ ಆರಂಭಿಸಿತು.

ಒಂದು ಅಕ್ಷರವನ್ನು ಬದಲಾಯಿಸಿದರೆ ಮುಗಿಯಿತಲ್ಲ ಎನಿಸುವುದು ಸಹಜ. ಆದರೆ ಅದಕ್ಕೆ ಬೇಕಾದದ್ದು ಎರಡನೆಯ, ಕಷ್ಟದ ದಾರಿ. ಚಿಕಿತ್ಸೆಯನ್ನು ರೂಪಿಸಿದವರು ಹಿಡಿದದ್ದು ಬೇರೆ ಉಪಾಯ. ಎಳೆಗೂಸುಗಳಲ್ಲಿ ಈ ರೋಗದ ಲಕ್ಷಣ ಕಾಣುವುದಿಲ್ಲ ಎಂಬುದನ್ನು 1948ರಲ್ಲೇ ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ ಗಮನಿಸಿದ್ದರು. ಗರ್ಭದಲ್ಲಿರುವಾಗ ಮಗುವಿನ ರಕ್ತದಲ್ಲಿ ಇರುವುದು ಬೇರೆ ಬಗೆಯ ಹಿಮೋಗ್ಲೋಬಿನ್. ಅದು ಬೇರೆ ಜೀನ್‌ನಿಂದ ಬರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಆ ಜೀನ್ ಬಂದ್ ಆಗಿ, ದೊಡ್ಡವರ ಹಿಮೋಗ್ಲೋಬಿನ್ ಶುರುವಾಗುತ್ತದೆ, ರೋಗವೂ ಶುರುವಾಗುತ್ತದೆ. ಭ್ರೂಣದ ಜೀನನ್ನು ಬಂದ್ ಮಾಡಿಸುವುದು ಬಿಸಿಎಲ್-11ಎ ಎಂಬ ಪ್ರೋಟೀನ್ ಎಂದು 2008ರ ಸುಮಾರಿಗೆ ತಿಳಿಯಿತು. ಅದನ್ನು ಕೆಡಿಸಿದರೆ ಹಳೆಯ ಹಿಮೋಗ್ಲೋಬಿನ್ ಮರಳಿ ಬರುತ್ತದೆ. ಕೆಡಿಸುವುದು ಕ್ಯಾಸ್-9ಗೆ ಒಗ್ಗಿದ ಕೆಲಸ. ಆದರೆ ಈ ಪ್ರೋಟೀನ್ ದೇಹದ ಬೇರೆ ಕೋಶಗಳಿಗೂ ಬೇಕು, ಪೂರ್ತಿ ಕೆಡಿಸುವಂತಿಲ್ಲ. ಅದೃಷ್ಟಕ್ಕೆ, ಈ ಜೀನನ್ನು ಕೆಂಪುಕಣಗಳ ವಂಶದಲ್ಲಿ ಮಾತ್ರ ಚುರುಕುಗೊಳಿಸುವ ಒಂದು ಪುಟ್ಟ ಭಾಗ ಜೀನ್‌ನ ಒಳಗೇ ಇದೆ. ಗುರಿಯಾಗಿ ಆರಿಸಿಕೊಂಡದ್ದು ಅದನ್ನು. ಅಲ್ಲಿನ 20 ಅಕ್ಷರಗಳು, ಅವುಗಳ ಬಲಕ್ಕೆ ಪ್ಯಾಮ್, ಮತ್ತು ಕತ್ತರಿ ಬೀಳುವ ಜಾಗ ಹೀಗಿವೆ:

```
CTAACAGTTGCTTTTAT|CAC AGG
```

ಕೊನೆಯ ಮೂರು ಅಕ್ಷರಗಳು ಪ್ಯಾಮ್. ಅದರಿಂದ ಎಡಕ್ಕೆ ಮೂರು ಅಕ್ಷರ ಬಿಟ್ಟು, ಅಂದರೆ ಗೆರೆ ಎಳೆದಿರುವಲ್ಲಿ, ಕ್ಯಾಸ್-9 ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಗೆರೆಯ ಆಚೀಚೆ ಇರುವ `TTATCA` ಎಂಬ ಆರು ಅಕ್ಷರಗಳೇ ಇಲ್ಲಿ ಮುಖ್ಯ. ಗಾಟಾ-1 ಎಂಬ ಪ್ರೋಟೀನ್ ಬಂದು ಕುಳಿತು ಜೀನನ್ನು ಚುರುಕುಗೊಳಿಸುವುದು ಆ ಆರು ಅಕ್ಷರಗಳ ಮೇಲೆ. ಕತ್ತರಿ ಬೀಳುವುದು ಅವುಗಳ ಒಳಗೇ. ಕೋಶ ತುದಿಗಳನ್ನು ಅಂಟಿಸುವಾಗ ಒಂದು ಅಕ್ಷರ ಸೇರಿದರೂ ಸರಿ, ಹತ್ತು ಹೋದರೂ ಸರಿ, ಗಾಟಾ-1ಕ್ಕೆ ಕೂರಲು ಜಾಗ ಇರುವುದಿಲ್ಲ. ದುರಸ್ತಿಯ ಫಲ ಏನೆಂದು ಮೊದಲೇ ಹೇಳಲಾಗದ ಉಪಕರಣಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಗುರಿ ಸಿಗುವುದು ಕಷ್ಟ.

ಚಿಕಿತ್ಸೆ ನಡೆಯುವುದು ದೇಹದ ಹೊರಗೆ. ಮೊದಲು ಔಷಧ ಕೊಟ್ಟು ರೋಗಿಯ ಅಸ್ಥಿಮಜ್ಜೆಯಲ್ಲಿರುವ ರಕ್ತದ ಆಕರಕೋಶಗಳು ರಕ್ತಕ್ಕೆ ಇಳಿಯುವಂತೆ ಮಾಡಿ, ಯಂತ್ರದ ಮೂಲಕ ಅವನ್ನು ಸೋಸಿ ತೆಗೆಯುತ್ತಾರೆ. ಒಂದು ಸಲಕ್ಕೆ ಸಾಕಷ್ಟು ಸಿಗದೆ ಹಲವು ಸಲ ತೆಗೆಯಬೇಕಾಗುವುದೂ ಉಂಟು. ಪ್ರಯೋಗಾಲಯದಲ್ಲಿ ಕ್ಷಣಮಾತ್ರದ ವಿದ್ಯುತ್ ಆಘಾತ ಕೊಟ್ಟು, ಕೋಶದ ಪೊರೆ ತುಸು ತೆರೆದಾಗ ಕ್ಯಾಸ್-9 ಮತ್ತು ಆರ್‌ಎನ್‌ಎಯನ್ನು ಒಳಗೆ ಸೇರಿಸುತ್ತಾರೆ. ಅವು ಕೆಲಸ ಮುಗಿಸಿ ಕೆಲ ದಿನಗಳಲ್ಲಿ ಕೋಶದೊಳಗೇ ನಾಶವಾಗುತ್ತವೆ. ತಿದ್ದಿದ ಕೋಶಗಳನ್ನು ಪರೀಕ್ಷಿಸಿ, ಹೆಪ್ಪುಗಟ್ಟಿಸಿ ಆಸ್ಪತ್ರೆಗೆ ಕಳಿಸುವ ಹೊತ್ತಿಗೆ ಕೆಲವು ತಿಂಗಳು ಕಳೆದಿರುತ್ತವೆ. ಆಮೇಲಿನದು ರೋಗಿಗೆ ಅತ್ಯಂತ ಕಠಿಣವಾದ ಹಂತ. ಹಳೆಯ ಆಕರಕೋಶಗಳು ಮಜ್ಜೆಯಲ್ಲಿ ಉಳಿದರೆ ಹೊಸವಕ್ಕೆ ಜಾಗವಿಲ್ಲ. ಹಾಗಾಗಿ ಬುಸಲ್ಫಾನ್ ಎಂಬ ಪ್ರಬಲ ಕೀಮೋ ಔಷಧ ಕೊಟ್ಟು ಅವನ್ನು ನಾಶ ಮಾಡುತ್ತಾರೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಸಂತಾನಶಕ್ತಿ ಕುಂದಬಹುದು, ಹೊಸ ಕೋಶಗಳು ನೆಲೆಯೂರುವವರೆಗೆ ಸೋಂಕಿನ ಭಯ ಇರುತ್ತದೆ. ಈ ಕಷ್ಟಕ್ಕೆ ಕಾರಣ ಕ್ರಿಸ್ಪರ್ ಅಲ್ಲ, ತಿದ್ದಿದ ಕೋಶಗಳನ್ನು ದೇಹಕ್ಕೆ ಮರಳಿಸುವ ವಿಧಾನ.

ಕ್ಯಾಸ್‌ಜೆವಿ ಎಂಬ ಹೆಸರಿನ ಈ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರ್‌ನಲ್ಲಿ, ಅಮೆರಿಕ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟವು. ಕ್ರಿಸ್ಪರ್ ಬಳಸಿದ ಔಷಧವೊಂದಕ್ಕೆ ಅನುಮತಿ ಸಿಕ್ಕಿದ್ದು ಅದೇ ಮೊದಲು. ಅಮೆರಿಕ ಅನುಮತಿ ಕೊಡುವಾಗ, ಸಾಕಷ್ಟು ಕಾಲ ಗಮನಿಸಲಾಗಿದ್ದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆ ಬಂದಿರಲಿಲ್ಲ. ಅಲ್ಲಿ ಇದರ ಬೆಲೆ 22 ಲಕ್ಷ ಡಾಲರ್.

ತಪ್ಪು ಜಾಗದಲ್ಲಿ ಕತ್ತರಿ ಬಿದ್ದರೆ? ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ನಾಲ್ಕೇ ಅಕ್ಷರಗಳಿಂದ 20ರ ಉದ್ದದ ಲಕ್ಷ ಕೋಟಿಗೂ ಹೆಚ್ಚು ಬೇರೆ ಬೇರೆ ಸಾಲುಗಳನ್ನು ಕಟ್ಟಬಹುದಾದ್ದರಿಂದ, ಒಂದು ಸಾಲು ತಂತಾನೇ ಎರಡು ಕಡೆ ಬರುವ ಸಾಧ್ಯತೆ ಕಡಿಮೆ. ಆದರೆ ಮೇಲೆ ಹೇಳಿದ ಸಡಿಲಿಕೆ ಇಲ್ಲಿ ಕಾಡುತ್ತದೆ: ಒಂದೆರಡು ಅಕ್ಷರ ಹೊಂದದ ಜಾಗದಲ್ಲೂ ಕ್ಯಾಸ್-9 ಕತ್ತರಿಸಬಹುದು. ಅಂಥ ಜಾಗಗಳನ್ನು ಮೊದಲು ಕಂಪ್ಯೂಟರಿನಲ್ಲಿ ಪಟ್ಟಿ ಮಾಡುತ್ತಾರೆ. ಆಮೇಲೆ ಕೋಶಗಳಿಗೆ ಕ್ಯಾಸ್-9 ಜೊತೆ ಗುರುತಿಸಬಲ್ಲ ಒಂದು ಪುಟ್ಟ ಡಿಎನ್‌ಎ ತುಂಡನ್ನೂ ಕಳಿಸುತ್ತಾರೆ. ಎಲ್ಲೆಲ್ಲಿ ಕತ್ತರಿ ಬಿದ್ದಿದೆಯೋ ಅಲ್ಲೆಲ್ಲ ದುರಸ್ತಿಯ ವೇಳೆ ಆ ತುಂಡು ಸಿಕ್ಕಿಕೊಳ್ಳುತ್ತದೆ. ಅದನ್ನು ಹುಡುಕಿದರೆ ತಪ್ಪು ಜಾಗಗಳು ಸಿಗುತ್ತವೆ.

ಸರಿಯಾದ ಜಾಗದಲ್ಲೇ ಕತ್ತರಿಸಿದರೂ ಎಡವಟ್ಟಾಗಬಹುದು. 2018ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ಸಂಶೋಧಕರು, ಕೆಲವು ಕೋಶಗಳಲ್ಲಿ ಕತ್ತರಿ ಬಿದ್ದ ಕಡೆ ಸಾವಿರಾರು ಅಕ್ಷರಗಳೇ ಕಾಣೆಯಾಗಿರುವುದನ್ನು ಕಂಡರು. ಅಲ್ಲಿಯವರೆಗೆ ಇದು ಗಮನಕ್ಕೆ ಬಾರದೆ ಹೋದದ್ದಕ್ಕೆ ಕಾರಣ ಪರೀಕ್ಷೆಯಲ್ಲೇ ಇತ್ತು. ಕತ್ತರಿಸಿದ ಜಾಗದ ಎಡಬಲದಲ್ಲಿ ಕೆಲವು ನೂರು ಅಕ್ಷರಗಳ ಭಾಗವನ್ನು ಪಿಸಿಆರ್‌ನಿಂದ ನಕಲು ಮಾಡಿ ಓದುವುದು ವಾಡಿಕೆ. ನಕಲು ಶುರುವಾಗಬೇಕಾದ ಜಾಗವೇ ಅಳಿಸಿಹೋಗಿದ್ದರೆ ಆ ಡಿಎನ್‌ಎ ನಕಲಾಗುವುದೇ ಇಲ್ಲ. ಕೈಗೆ ಸಿಗುವುದು ಚೆನ್ನಾಗಿರುವ ಪ್ರತಿಗಳು ಮಾತ್ರ, ವರದಿಯೂ ಚೆನ್ನಾಗಿಯೇ ಬರುತ್ತದೆ. ಈಗ ಉದ್ದನೆಯ ಡಿಎನ್‌ಎಯನ್ನು ಒಂದೇ ಓಟದಲ್ಲಿ ಓದುವ ವಿಧಾನಗಳನ್ನೂ ಬಳಸುತ್ತಾರೆ. 2018ರ ಕೊನೆಯಲ್ಲಿ ಚೀನಾದ ಹೆ ಜಿಯಾನ್‌ಕುಯಿ ಮನುಷ್ಯ ಭ್ರೂಣಗಳನ್ನೇ ತಿದ್ದಿ ಅವಳಿ ಮಕ್ಕಳು ಹುಟ್ಟಿದ ಸುದ್ದಿ ಹೊರಗೆಡವಿದಾಗ ವಿಜ್ಞಾನಿಗಳು ಸಿಟ್ಟಾದದ್ದಕ್ಕೆ ಇದೂ ಒಂದು ಕಾರಣ. ಎಚ್‌ಐವಿ ತಡೆಯುವ, ನಿಸರ್ಗದಲ್ಲಿ ಇರುವ ಒಂದು ಬದಲಾವಣೆಯ ಪರಿಣಾಮ ತರಲು ಅವರು ಹೊರಟಿದ್ದರು. ಮಕ್ಕಳಲ್ಲಿ ಆದ ಬದಲಾವಣೆಗಳು ಆ ಬದಲಾವಣೆಯಂತೆ ಇರಲಿಲ್ಲ. ಅವುಗಳ ಪರಿಣಾಮವನ್ನು ಯಾರೂ ಪರೀಕ್ಷಿಸಿರಲೂ ಇಲ್ಲ. ಭ್ರೂಣದಲ್ಲಿ ಆದದ್ದು ಮುಂದಿನ ಪೀಳಿಗೆಗೂ ಹೋಗುತ್ತದೆ. ಚೀನಾದ ನ್ಯಾಯಾಲಯ ಅವರಿಗೆ ಮೂರು ವರ್ಷ ಜೈಲು ವಿಧಿಸಿತು.

ಸಿಕಲ್ ಸೆಲ್ ಚಿಕಿತ್ಸೆಯ ಆರ್‌ಎನ್‌ಎಗೆ ಸಂಬಂಧಿಸಿದ ಒಂದು ಸಂಗತಿ ಭಾರತದ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು. ಮನುಷ್ಯರೆಲ್ಲರ ಡಿಎನ್‌ಎ ಒಂದೇ ಅಲ್ಲ. ಕಂಪ್ಯೂಟರ್ ಹುಡುಕುವುದು ಸಾಮಾನ್ಯವಾಗಿ ಒಂದು ಮಾದರಿ ಡಿಎನ್‌ಎಯಲ್ಲಿ. ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಒಂದು ಅಕ್ಷರದ ವ್ಯತ್ಯಾಸ, ಮಾದರಿಯಲ್ಲಿ ಪ್ಯಾಮ್ ಇಲ್ಲದ ಕಡೆ ಹೊಸ ಪ್ಯಾಮನ್ನೇ ಹುಟ್ಟಿಸುತ್ತದೆ, ಆಗ ಅಲ್ಲೂ ಕತ್ತರಿ ಬೀಳಬಹುದು ಎಂಬುದು 2023ರಲ್ಲಿ ಪ್ರಕಟವಾಯಿತು. ಅದರಿಂದ ರೋಗಿಗಳಿಗೆ ಹಾನಿಯಾಯಿತೆಂದಲ್ಲ. ಆದರೆ ಸೋಲಿಗರಿಗೋ ಮಧ್ಯ ಭಾರತದ ಬುಡಕಟ್ಟುಗಳಿಗೋ ಈ ಬಗೆಯ ಚಿಕಿತ್ಸೆ ಬರುವ ಮುನ್ನ ಅವರದೇ ಸಮುದಾಯಗಳ ಡಿಎನ್‌ಎಯಲ್ಲಿ ತಪ್ಪು ಜಾಗಗಳನ್ನು ಹುಡುಕುವುದು ಬಿಡಲಾಗದ ಕೆಲಸ. ದೆಹಲಿಯ ಐಜಿಐಬಿ ಸಂಸ್ಥೆಯಲ್ಲಿ ಸಿಕಲ್ ಸೆಲ್‌ಗಾಗಿ ನಡೆದಿರುವ ಸಂಶೋಧನೆಯಲ್ಲಿ ಬೇರೊಂದು ಬ್ಯಾಕ್ಟೀರಿಯಾದ, ಫ್ರಾನ್ಸಿಸೆಲ್ಲಾ ನೊವಿಸಿಡಾದ, ಕ್ಯಾಸ್-9 ಬಳಸುತ್ತಿದ್ದಾರೆ. ಅಕ್ಷರ ಹೊಂದದ ಜಾಗಗಳಲ್ಲಿ ಅದು ಪಯೋಜೆನಿಸ್‌ನ ಕ್ಯಾಸ್-9ಗಿಂತ ಬಿಗಿ.

ಎರಡು ಎಳೆಗಳನ್ನೂ ಕತ್ತರಿಸದೆ ತಿದ್ದುವ ದಾರಿಯೂ ತೆರೆದಿದೆ. 2016ರಲ್ಲಿ ಡೇವಿಡ್ ಲಿಯು ತಂಡ ಕ್ಯಾಸ್-9ನ ಕತ್ತರಿಸುವ ಶಕ್ತಿಯನ್ನು ಕುಗ್ಗಿಸಿ, ಒಂದು ಅಕ್ಷರವನ್ನು ರಾಸಾಯನಿಕವಾಗಿ ಇನ್ನೊಂದಾಗಿ ಮಾರ್ಪಡಿಸುವ ಕಿಣ್ವವನ್ನು ಅದಕ್ಕೆ ಜೋಡಿಸಿತು. ಕ್ಯಾಸ್-9 ಇಲ್ಲಿ ಜಾಗ ಹುಡುಕಿಕೊಡುತ್ತದೆ, ತಿದ್ದುವುದು ಜೋಡಿಸಿದ ಕಿಣ್ವ. 2025ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಯಕೃತ್ತಿನ ಅಪರೂಪದ ಆನುವಂಶಿಕ ಕಾಯಿಲೆಯಿದ್ದ ಒಂದು ಶಿಶುವಿಗೆ ಅದೇ ಮಗುವಿನ ತಪ್ಪು ಅಕ್ಷರಕ್ಕೆಂದು ತಯಾರಿಸಿದ ಇಂಥ ಔಷಧವನ್ನು ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ತುಂಬಿ ರಕ್ತನಾಳದ ಮೂಲಕ ಕೊಟ್ಟರು. ಆಕರಕೋಶ ತೆಗೆಯುವ, ಕೀಮೋ ಕೊಡುವ ಕಷ್ಟ ಇಲ್ಲಿರಲಿಲ್ಲ. ಯಕೃತ್ತಿನಲ್ಲಿ ಇದು ಸಾಧ್ಯವಾದದ್ದು ರಕ್ತಕ್ಕೆ ಬಿಟ್ಟ ಆ ಕಣಗಳನ್ನು ಯಕೃತ್ತು ತಾನಾಗಿಯೇ ಹೀರಿಕೊಳ್ಳುವುದರಿಂದ. ಅಸ್ಥಿಮಜ್ಜೆ, ಮಿದುಳು, ಸ್ನಾಯುಗಳಿಗೆ ಸಾಕಷ್ಟು ಪ್ರಮಾಣದಲ್ಲಿ ಅವನ್ನು ತಲುಪಿಸುವುದು ಇನ್ನೂ ಕಷ್ಟ. ಸಿಕಲ್ ಸೆಲ್ ರೋಗಿಗೆ ಬುಸಲ್ಫಾನ್ ತಪ್ಪಬೇಕಾದರೆ ಪ್ರಯೋಗಾಲಯಗಳು ಮೊದಲು ಮಜ್ಜೆಗೆ ದಾರಿ ಹುಡುಕಬೇಕು.